ಫೋಟೋದಲ್ಲಿರುವ ಆರ್‌ಒಸಿ ಗೆರೆ ನೋಡಿ ಕಟ್-ಆಫ್ ಆರಿಸಬಹುದೇ?

ಪರ

ಯಾರೋ ಸ್ಲೈಡ್ ತೋರಿಸುವಾಗ ಫೋನಿನಲ್ಲಿ ತೆಗೆದ ಚಿತ್ರ. ಒಂದು ರಕ್ತಪರೀಕ್ಷೆಯ ಆರ್‌ಒಸಿ ಗೆರೆ ಅದರಲ್ಲಿದೆ. ಕಟ್-ಆಫ್ ಅಂದರೆ ಯಾವ ಅಳತೆಯಿಂದ ಕಾಯಿಲೆ ಇದೆ ಎನ್ನಬೇಕು ಅನ್ನುವ ಗಡಿ; ಅದನ್ನು ಬದಲಿಸುತ್ತಾ ಹೋದರೆ ಎಷ್ಟು ರೋಗಿಗಳು ಸಿಗುತ್ತಾರೆ, ಎಷ್ಟು ಆರೋಗ್ಯವಂತರು ಸುಮ್ನೆ ಸಿಕ್ಕಿಬೀಳುತ್ತಾರೆ ಎಂದು ಈ ಗೆರೆ ತೋರಿಸುತ್ತದೆ. ಮೂಲ ಡೇಟಾ ಕೈಯಲ್ಲಿಲ್ಲ. ಅಷ್ಟರಿಂದಲೇ ಕೆಲಸ ಸಾಗುತ್ತದೆ ಅನ್ನುವವನು ನಾನು.

ಮೊದಲು ಚಿತ್ರದ ಓರೆ ತಿದ್ದಬೇಕು. ಗ್ರಾಫಿನ ನಾಲ್ಕು ಮೂಲೆಗಳನ್ನು ಗುರುತಿಸಿ, ಚಿತ್ರವನ್ನು ಸರಿಯಾದ ಚೌಕಕ್ಕೆ ಎಳೆದುಕೊಳ್ಳಿ. ಆಮೇಲೆ 0.5ರ ಗುರುತು ಎರಡೂ ಅಕ್ಷಗಳಲ್ಲಿ ನಟ್ಟನಡುವೆ ಬಂತಾ ನೋಡಿ. ಮೂಲೆಯಿಂದ ಮೂಲೆಗೆ ಹೋಗುವ ಗೆರೆ ನೆಟ್ಟಗಿದೆ ಎಂದು ಸಮಾಧಾನ ಪಡಬೇಡಿ. ಓರೆಯಾಗಿ ತೆಗೆದ ಫೋಟೋದಲ್ಲೂ ಅದು ನೆಟ್ಟಗೇ ಕಾಣುತ್ತದೆ. ಕೆಳಗಿನ ಅಕ್ಷ ಎಡದಿಂದ 0 ಅಂತ ಶುರುವಾಗುತ್ತಾ, 1 ಅಂತಲಾ ಎಂದೂ ನೋಡಿ. ಅಲ್ಲಿ ಸುಮ್ನೆ ಸಿಕ್ಕಿಬಿದ್ದ ಆರೋಗ್ಯವಂತರ ಪ್ರಮಾಣದ ಬದಲು ಕೆಲವರು ಸ್ಪೆಸಿಫಿಸಿಟಿಯನ್ನೇ, ಅಂದರೆ ಸರಿಯಾಗಿ ಬಿಟ್ಟುಬಿಟ್ಟ ಆರೋಗ್ಯವಂತರ ಪ್ರಮಾಣವನ್ನೇ, ತಿರುವುಮುರುವಾಗಿ ಬರೆದಿರುತ್ತಾರೆ.

ಈಗ ಗೆರೆಯ ಮೇಲೆ ಮೂರು ಬಿಂದುಗಳನ್ನು ಓದೋಣ. ಮೊದಲನೆಯದು ಕಾಯಿಲೆ ಇರುವವರಲ್ಲಿ 60% ಜನರನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ 5% ಜನರಿಗೆ ಸುಮ್ನೆ ಗಾಬರಿ ಹುಟ್ಟಿಸುತ್ತದೆ. ಎರಡನೆಯದು 82% ಮತ್ತು 15%. ಮೂರನೆಯದು 94% ಮತ್ತು 35%.

1000 ಜನರಲ್ಲಿ 100 ಜನರಿಗೆ ಕಾಯಿಲೆ ಇದೆ ಅಂದುಕೊಳ್ಳಿ. ಮೊದಲನೆಯ ಬಿಂದುವಿನಿಂದ ಎರಡನೆಯದಕ್ಕೆ ಹೋದರೆ 22 ರೋಗಿಗಳು ಜಾಸ್ತಿ ಸಿಗುತ್ತಾರೆ. ಅದಕ್ಕೆ ತೆರುವ ಬೆಲೆ 90 ಹೊಸ ಫಾಲ್ಸ್ ಪಾಸಿಟಿವ್, ಸುಮ್ನೆ ಗಾಬರಿಯಾದ ಆರೋಗ್ಯವಂತರು. ಅಂದರೆ ಒಬ್ಬ ರೋಗಿಗೆ ಸುಮಾರು 4. ಎರಡನೆಯದರಿಂದ ಮೂರನೆಯದಕ್ಕೆ ಹೋದರೆ ಬರೀ 12 ರೋಗಿಗಳು, 180 ಫಾಲ್ಸ್ ಪಾಸಿಟಿವ್. ಒಬ್ಬರಿಗೆ 15.

ಇನ್ನು ತೂಗಿ ನೋಡುವುದು ಸುಲಭ. ಒಬ್ಬ ರೋಗಿ ಕೈತಪ್ಪುವುದು, ಅಂದರೆ ಒಂದು ಫಾಲ್ಸ್ ನೆಗೆಟಿವ್, 10 ಫಾಲ್ಸ್ ಪಾಸಿಟಿವ್‌ಗಳಷ್ಟು ಕೆಟ್ಟದ್ದು ಎಂದಾದರೆ ಮೊದಲ ಹೆಜ್ಜೆ ಲಾಭ, ಎರಡನೆಯದು ನಷ್ಟ. ಆದ್ದರಿಂದ ಮಧ್ಯದ ಬಿಂದುವಿನಲ್ಲಿ ನಿಲ್ಲಬೇಕು. ನನಗೆ ಇಷ್ಟವಾಗುವ ಮಾತು ಇನ್ನೊಂದಿದೆ. ಆ 10ರ ಜಾಗದಲ್ಲಿ 5 ಹಾಕಿ, 14 ಹಾಕಿ, ಉತ್ತರ ಅದೇ. ವೈದ್ಯರು ಕೂತು ಜಗಳವಾಡುವುದು ಈ ಸಂಖ್ಯೆಯ ಬಗ್ಗೆ ತಾನೇ? ಅದೇ ಇಷ್ಟು ಸಡಿಲವಾಗಿರುವಾಗ, ಫೋಟೋ ಓದುವುದರಲ್ಲಿ ಕೂದಲೆಳೆಯಷ್ಟು ತಪ್ಪಾಯಿತು ಎಂದು ಕೈಕಟ್ಟಿ ಕೂರುವುದು ಯಾಕೆ?

ವಿರೋಧ

ಲೆಕ್ಕ ಸರಿಯಾಗಿದೆ. ಆದರೆ ಮಧ್ಯದ ಬಿಂದು ಅಂದರೆ ರಕ್ತದಲ್ಲಿ ಎಷ್ಟು? 4? 40? ಗೆರೆ ಅದನ್ನು ಹೇಳುವುದೇ ಇಲ್ಲ. ಪ್ರತಿಯೊಬ್ಬರ ಅಳತೆಯ ವರ್ಗ ತೆಗೆದುಕೊಳ್ಳಿ, ಲಾಗ್ ತೆಗೆದುಕೊಳ್ಳಿ, ಆರ್‌ಒಸಿ ಗೆರೆ ಒಂದಿಷ್ಟೂ ಅಲುಗುವುದಿಲ್ಲ. ಯಾಕೆಂದರೆ ಅದಕ್ಕೆ ಗೊತ್ತಿರುವುದು ಯಾರ ಅಳತೆ ಯಾರದಕ್ಕಿಂತ ಹೆಚ್ಚು ಅನ್ನುವುದಷ್ಟೇ. ಬಿಂದುಗಳ ಪಕ್ಕದಲ್ಲಿ ಕಟ್-ಆಫ್ ಬರೆದಿದ್ದರೆ ಬೇರೆ ಮಾತು. ಈ ಚಿತ್ರದಲ್ಲಿ ಬರೆದಿಲ್ಲ. ಹಾಗಾಗಿ ಇಲ್ಲಿ ಆರಿಸಿದ್ದು ಗೆರೆಯ ಮೇಲಿನ ಒಂದು ಜಾಗವನ್ನು, ಕಟ್-ಆಫ್ ಅನ್ನಲ್ಲ.

ಚಿತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ವಿಷಯವಿದೆ: ರೋಗಿಗಳು 20. ಹಾಗಿದ್ದರೆ ಒಬ್ಬೊಬ್ಬ ರೋಗಿಗೆ ಗೆರೆ 5% ಮೇಲೇರಬೇಕು. 80% ಬರಬಹುದು, 85% ಬರಬಹುದು. 82% ಬರಲು ಸಾಧ್ಯವೇ ಇಲ್ಲ, ಅಲ್ವಾ? 94% ಕೂಡ ಅಷ್ಟೇ. ಒಂದೋ ಓದಿದ್ದು ತಪ್ಪು, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ ಇರಬೇಕಾದ ಗೆರೆಯನ್ನು ಯಾರೋ ನುಣುಪು ಮಾಡಿದ್ದಾರೆ. ನುಣುಪು ಗೆರೆಯ ಇಳಿಜಾರು, ನುಣುಪು ಮಾಡಿದವರ ಆಯ್ಕೆ.

ಓದಿದ್ದು ಹತ್ತಿರ ಹತ್ತಿರ ಸರಿ, 20ರಲ್ಲಿ 16 ರೋಗಿಗಳು ಸಿಕ್ಕರು ಅಂದುಕೊಂಡರೂ ನಿಜವಾದ ಸೆನ್ಸಿಟಿವಿಟಿ, ಅಂದರೆ ಪರೀಕ್ಷೆ ಹಿಡಿಯುವ ರೋಗಿಗಳ ಪ್ರಮಾಣ, ಸುಮಾರು 56%ರಿಂದ 94%ರವರೆಗೆ ಎಲ್ಲಿ ಬೇಕಾದರೂ ಇರಬಹುದು. 95% ವಿಶ್ವಾಸದ ವ್ಯಾಪ್ತಿ ಅಷ್ಟು ಅಗಲ. ಫೋಟೋದ ಓರೆ ತಿದ್ದಿದರೆ ಇದು ತಿದ್ದುವುದಿಲ್ಲ. ಮೂಲ ಡೇಟಾ ಸಿಕ್ಕರೂ ಈ ಅಗಲ ಹೋಗುವುದಿಲ್ಲ, ಒಪ್ಪುತ್ತೇನೆ. ಆದರೆ ಡೇಟಾ ಇದ್ದರೆ ಅದನ್ನು ಲೆಕ್ಕ ಹಾಕಿ ತೋರಿಸಬಹುದು. ಫೋಟೋದ ಗೆರೆ ಮಾತ್ರ ಎಲ್ಲ ಗೊತ್ತಿರುವ ಹಾಗೆ ತೆಳ್ಳಗೆ ಕೂತಿರುತ್ತದೆ.

ಕೊನೆಗೆ ಆ 1000ದಲ್ಲಿ 100. ಅದು ಗೆರೆಯಲ್ಲಿಲ್ಲ, ನಾವು ಹೊರಗಿನಿಂದ ತಂದದ್ದು. ಇದೇ ಪರೀಕ್ಷೆಯನ್ನು ಲಕ್ಷಣವೇ ಇಲ್ಲದವರಿಗೆ ಮಾಡಿ, 1000ದಲ್ಲಿ 10 ಜನರಿಗೆ ಮಾತ್ರ ಕಾಯಿಲೆ ಇದೆ ಅನ್ನಿ. ಅದೇ 10 ಪಟ್ಟು ತೂಕ ಇಟ್ಟುಕೊಳ್ಳಿ. ಮಧ್ಯದ ಬಿಂದುವಿನಲ್ಲಿ ಫಾಲ್ಸ್ ಪಾಸಿಟಿವ್ ಸುಮಾರು 149, ತಪ್ಪಿಸಿಕೊಂಡ ಸರಾಸರಿ 1.8 ರೋಗಿಗಳಿಗೆ 10 ಪಟ್ಟು ತೂಕದಲ್ಲಿ 18, ಒಟ್ಟು ನಷ್ಟ 167. ಮೊದಲನೆಯ ಬಿಂದುವಿನಲ್ಲಿ 90. ಯಾರಿಗೂ ಪರೀಕ್ಷೆ ಮಾಡದೆ ಹತ್ತೂ ರೋಗಿಗಳನ್ನು ಬಿಟ್ಟುಬಿಟ್ಟರೆ 100.