ಮಾವ ಕನ್ಫರ್ಮ್, ಅಳಿಯ ವೇಟಿಂಗ್

‘ತತ್ಕಾಲ್’ ಅಂದರೆ ಕೂಡಲೇ, ಆಗಿಂದಾಗಲೇ ಅಂತ ಅರ್ಥ. ‘ವೇಟಿಂಗ್’ ಅಂದರೆ ಕಾಯಿರಿ ಅಂತ. ಈ ಎರಡನ್ನೂ ಒಂದೇ ಟಿಕೆಟ್‌ನಲ್ಲಿ ಗಂಟು ಹಾಕಿ, ಅದಕ್ಕೆ ಮಾಮೂಲಿಗಿಂತ ಜಾಸ್ತಿ ದುಡ್ಡು ಇಸಿದುಕೊಳ್ಳುವ ಧೈರ್ಯ ನಮ್ಮ ರೈಲ್ವೆಗಲ್ಲದೆ ಇನ್ಯಾರಿಗೂ ಬರಲಾರದು. ಆ ಗಂಟಿನ ಹೆಸರೇ TQWL. ಕೂಡಲೇ ಕಾಯಿರಿ!

ಒಂದು ಸಂಸಾರ ಅಂದುಕೊಳ್ಳಿ. ಮಾವ, ಅತ್ತೆ, ಮಗಳು, ಅಳಿಯ. ಬೆಂಗಳೂರಿನಿಂದ ಬೆಳಗಾವಿಗೆ, ನೆಂಟರ ಮನೆಯ ಮದುವೆಗೆ ಹೊರಟಿದ್ದಾರೆ. ಮದುವೆಯ ದಿನ ಮೂರು ತಿಂಗಳ ಹಿಂದೆಯೇ ಗೊತ್ತಿತ್ತು. ಆದರೆ ಹೋಗಬೇಕೋ ಬೇಡವೋ ಅಂತ ಮಾವ ತೀರ್ಮಾನ ಮಾಡಿದ್ದು ಮೊನ್ನೆ. ಹಾಗಾಗಿ ಪ್ರಯಾಣದ ಹಿಂದಿನ ದಿನ ಬೆಳಿಗ್ಗೆ 11 ಗಂಟೆಗೆ, ಸ್ಲೀಪರ್ ತತ್ಕಾಲ್ ತೆರೆಯುವ ಹೊತ್ತಿಗೆ, ಅಳಿಯ ಬೆರಳು ಚಾಚಿಕೊಂಡು ಕೂತ. ತತ್ಕಾಲ್‌ನಲ್ಲಿ ಒಂದು ಟಿಕೆಟ್‌ಗೆ ನಾಲ್ಕೇ ಜನ, ಇವರೂ ಸರಿಯಾಗಿ ನಾಲ್ಕೇ ಜನ. ಸಂಸ್ಕಾರವಂತ ಅಳಿಯ ನೋಡಿ, ಹಿರಿತನದ ಪ್ರಕಾರ ಹೆಸರು ತುಂಬಿದ. ಮೊದಲು ಮಾವ, ಕೊನೆಗೆ ತಾನು. ಈ ವಿನಯದ ಬೆಲೆ ಅವನಿಗೆ ಗೊತ್ತಾಗಿದ್ದು ಆಮೇಲೆ.

ಬಂದದ್ದು TQWL 3, 4, 5, 6. ತುಂಬಿದ ಹೆಸರಿನ ಸಾಲಿನಂತೆಯೇ ನಂಬರ್.

“ಆರನೇ ನಂಬರಾ? ಪರವಾಗಿಲ್ಲ ಬಿಡಿ ಅಳಿಯಂದ್ರೇ, ಹೋದ ಸಲ ನನಗೆ 40 ಇತ್ತು, ಆರಾಮಾಗಿ ಆಯ್ತು” ಅಂದರು ಮಾವ. ಅವರ 40 GNWL, ಅಂದರೆ ಸಾಮಾನ್ಯ ಸಾಲು. ಎರಡು ತಿಂಗಳ ಮುಂಚೆಯೇ ಬುಕ್ ಮಾಡಿದವರ ಪೈಕಿ ಒಬ್ಬರಿಗೆ ಜ್ವರ ಬರುತ್ತದೆ, ಇನ್ನೊಬ್ಬರ ರಜೆ ರದ್ದಾಗುತ್ತದೆ, ಕ್ಯಾನ್ಸಲ್ ಮಾಡುತ್ತಾರೆ, ಸಾಲು ಮುಂದೆ ಹೋಗುತ್ತದೆ. ಅಳಿಯ ನಿಂತದ್ದು ತತ್ಕಾಲ್‌ನವರ ಸಾಲು. ಅಲ್ಲಿ ಕನ್ಫರ್ಮ್ ಆದ ಟಿಕೆಟ್ಟನ್ನು ನೀವಾಗಿ ಕ್ಯಾನ್ಸಲ್ ಮಾಡಿದರೆ ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ಹಾಗಿದ್ದ ಮೇಲೆ ಯಾರು ಕ್ಯಾನ್ಸಲ್ ಮಾಡುತ್ತಾರೆ ಹೇಳಿ? ಜ್ವರ ಬಂದರೂ ಶಾಲು ಹೊದ್ದು ಹೊರಡುತ್ತಾರೆ. ಸಾಲು ಅಲ್ಲಾಡದ ಹಾಗೆ ನಿಯಮ ಮಾಡಿಟ್ಟು, ಅದೇ ಸಾಲಿನಲ್ಲಿ ನಿಲ್ಲಿ ಅಂತ ನಂಬರ್ ಕೊಡುವುದಿದೆಯಲ್ಲ, ಅದನ್ನೇ ಬುಕಿಂಗ್ ಅನ್ನುತ್ತಾರೆ. ಅಂದಮೇಲೆ ನಂಬರ್ ನೋಡುವ ಮೊದಲು ಅದರ ಹಿಂದಿನ ಅಕ್ಷರ ನೋಡಬೇಕು. GNWL 40 ನೋಡಿ ನಿದ್ದೆ ಮಾಡಿದವರುಂಟು, TQWL 6 ನೋಡಿ ನಿದ್ದೆ ಕೆಟ್ಟವರುಂಟು.

ಇನ್ನೊಂದು ತಮಾಷೆ ಅಂದರೆ ಒಂದೇ ಸಾಲಿನಲ್ಲಿ ಎರಡು ನಂಬರ್ ಬರುವುದು. TQWL 6/WL 5 ಅಂತಿರುತ್ತದೆ. ಮೊದಲನೆಯದು ನೀವು ಬುಕ್ ಮಾಡಿದಾಗ ಎಲ್ಲಿ ನಿಂತಿದ್ದಿರಿ ಅನ್ನುವ ಇತಿಹಾಸ. ಅದು ಸಾಯುವ ತನಕ ಬದಲಾಗುವುದಿಲ್ಲ. ಎರಡನೆಯದು ಈಗ ಎಲ್ಲಿದ್ದೀರಿ ಅನ್ನೋದು. ಅತ್ತೆಯವರು ಇಡೀ ದಿನ ಮೊದಲನೇ ನಂಬರ್ ನೋಡಿಕೊಂಡು “ಒಂದು ಚೂರೂ ಕಮ್ಮಿ ಆಗಿಲ್ವಲ್ಲೋ” ಅಂತ ಸಂಕಟಪಟ್ಟರು.

ಮಾಮೂಲಿ ಟಿಕೆಟ್ ಆಗಿದ್ದರೆ ನಡುವೆ RAC ಅಂತ ಒಂದು ಮೆಟ್ಟಿಲಾದರೂ ಇರುತ್ತಿತ್ತು. ಪೂರ್ತಿ ಬರ್ತ್‌ನ ದುಡ್ಡು ಕೊಟ್ಟು, ಸೈಡ್ ಲೋವರ್‌ನಲ್ಲಿ ಗುರುತಿಲ್ಲದವರ ಮೊಣಕಾಲಿಗೆ ಮೊಣಕಾಲು ಕೊಟ್ಟು ಕೂರುವ ಭಾಗ್ಯ. ತತ್ಕಾಲ್‌ನಲ್ಲಿ ಅದೂ ಇಲ್ಲ. ವೇಟಿಂಗ್‌ನಿಂದ ನೇರ CNF, ಅಂದರೆ ಕನ್ಫರ್ಮ್, ಇಲ್ಲವಾದರೆ ಇದ್ದಲ್ಲೇ.

ಯಾರಿಗೆ ಯಾವ ಬರ್ತ್ ಅನ್ನುವ ಕೊನೇ ಪಟ್ಟಿ, ಅಂದರೆ ಚಾರ್ಟ್ ಆಯಿತು. PNR ಹೇಳಿದ್ದು ಇಷ್ಟು:

```
1  TQWL 3   CNF S4 17
2  TQWL 4   CNF S4 20
3  TQWL 5   WL 1
4  TQWL 6   WL 2
```

ಮಾವನಿಗೆ 17, ಅತ್ತೆಗೆ 20. ಎರಡೂ ಲೋವರ್ ಬರ್ತ್. ಮಗಳು, ಅಳಿಯ ಇಬ್ಬರೂ ಹೊಸ್ತಿಲ ಹೊರಗೆ. ಭಾಗಶಃ ಕನ್ಫರ್ಮ್ ಅನ್ನುವುದು ಇದಕ್ಕೇ. ಇಲ್ಲಿಂದ ಮುಂದೆ ನಿಯಮಗಳಿಗೆ ನಿಜವಾದ ಕಳೆ ಬರುತ್ತದೆ, ಸ್ವಲ್ಪ ನಿಧಾನವಾಗಿ ಓದಿ.

ನಾಲ್ವರಿಗೂ ವೇಟಿಂಗೇ ಉಳಿದಿದ್ದರೆ, ಆನ್‌ಲೈನ್ ಟಿಕೆಟ್ ಚಾರ್ಟ್ ಆದ ಮೇಲೆ ತಾನಾಗಿಯೇ ರದ್ದಾಗುತ್ತಿತ್ತು. ದುಡ್ಡು ಖಾತೆಗೆ ವಾಪಸ್, ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕ. ಆದರೆ ಅದೇ PNRನಲ್ಲಿ ಒಬ್ಬರಿಗೆ ಕನ್ಫರ್ಮ್ ಆದರೂ ಸಾಕು, ಉಳಿದವರ ಹೆಸರೂ ಚಾರ್ಟ್‌ನಲ್ಲಿ ಬರುತ್ತದೆ, ಅವರೂ ಹತ್ತಬಹುದು. ಕೂರಲು ಜಾಗ ಇರುವುದಿಲ್ಲ, ಅದು ಬೇರೆ ಮಾತು. ಅಂದರೆ ಅಳಿಯ ತನ್ನದೂ ಹೆಂಡತಿಯದೂ ಬೇರೆ ಟಿಕೆಟ್ ಮಾಡಿಸಿ ಅದೇ WL 2ಕ್ಕೆ ಬಂದು ನಿಂತಿದ್ದರೆ ಅವನು ರೈಲಿನಲ್ಲಿ ಅಪರಾಧಿ. ಮಾವನ ಹೆಸರಿನ ಕೆಳಗೆ ಅದೇ WL 2 ಇದ್ದರೆ ಗೌರವಾನ್ವಿತ ಪ್ರಯಾಣಿಕ. ಮಾವನ ನೆರಳಲ್ಲಿ ಬದುಕುವುದು ಅಂತ ಹಿಂದಿನವರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ.

“ಬೇಡ ಮಾವಾ, ಎಲ್ಲಾ ಕ್ಯಾನ್ಸಲ್ ಮಾಡಿಬಿಡೋಣ” ಅಂದ ಅಳಿಯ.

ಮಾಡಬಹುದಿತ್ತು. ರೈಲು ಹೊರಡುವ ಅರ್ಧ ಗಂಟೆ ಮುಂಚಿನವರೆಗೆ ಇಡೀ ಟಿಕೆಟ್ ಬಿಟ್ಟುಕೊಟ್ಟರೆ, ಕನ್ಫರ್ಮ್ ಆದ ಇಬ್ಬರದೂ ಸೇರಿಸಿ, ಗುಮಾಸ್ತ ಶುಲ್ಕ ಹಿಡಿದುಕೊಂಡು ಮಿಕ್ಕ ದುಡ್ಡು ವಾಪಸ್. ಹೌದು, ತತ್ಕಾಲ್ ಆದರೂ! ನಾಲ್ವರಿಗೂ ಬರ್ತ್ ಸಿಕ್ಕಿ, ಮನಸ್ಸು ಬದಲಾಗಿ ಮನೆಯಲ್ಲಿ ಉಳಿದರೆ ಬಿಡಿಗಾಸಿಲ್ಲ. ಇಬ್ಬರಿಗೆ ಸಿಗದೇ ಹೋದರೆ ನಾಲ್ವರ ದುಡ್ಡೂ ಬರುತ್ತದೆ. ಅದೃಷ್ಟ ಪೂರ್ತಿ ಇದ್ದವನಿಗಿಂತ ಅರ್ಧ ಇದ್ದವನೇ ವಾಸಿ, ಅಲ್ವಾ?

“ಕ್ಯಾನ್ಸಲ್ಲಾ? ನನ್ನದು ಕನ್ಫರ್ಮ್ ಆಗಿದೆಯಲ್ಲ!” ಅಂದರು ಮಾವ. ಮಾತು ಮುಗಿಯಿತು.

ಇನ್ನೊಂದು ದಾರಿ ಇತ್ತು. ಹಿರಿಯರಿಬ್ಬರು ಹೋಗುವುದು, ಕಿರಿಯರಿಬ್ಬರು ಉಳಿಯುವುದು. ಆಗ ಉಳಿದವರ ದುಡ್ಡು ಬೇಕಾದರೆ, ಹೋದವರು ರೈಲಿನಲ್ಲಿ ಟಿಟಿಇಯನ್ನು ಹಿಡಿದು, ಈ ಇಬ್ಬರು ಬಂದಿಲ್ಲ ಅಂತ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು. ರೈಲು ಊರು ಮುಟ್ಟಿದ 72 ಗಂಟೆಯೊಳಗೆ ಆನ್‌ಲೈನ್‌ನಲ್ಲಿ TDR ಅನ್ನುವ, ದುಡ್ಡು ವಾಪಸ್ ಕೇಳುವ ಅರ್ಜಿ ಹಾಕಬೇಕು, ಮೂಲ ಸರ್ಟಿಫಿಕೇಟನ್ನು ಅಂಚೆಯಲ್ಲಿ ಕಳಿಸಬೇಕು. ಕೊಡದೇ ಇದ್ದ ಬರ್ತ್‌ನಲ್ಲಿ ಮಲಗಿಲ್ಲ ಅನ್ನುವುದಕ್ಕೆ ಕಾಗದದ ಸಾಕ್ಷಿ! ಮದುವೆ ಮನೆಗೆ ಹೊರಟ ಮಾವ, ತಿಂಡಿ ಡಬ್ಬಿ, ಸೂಟ್‌ಕೇಸು, ಮುಯ್ಯಿಯ ಕವರಿನ ನಡುವೆ ಅಳಿಯನ ಗೈರುಹಾಜರಿಯ ಸರ್ಟಿಫಿಕೇಟನ್ನೂ ಕಾಪಾಡುತ್ತಾರೆ ಅಂತ ನಂಬುವುದು ಹೇಗೆ?

ಕೊನೆಗೆ ನಾಲ್ವರೂ ಹತ್ತಿದರು. ಅಳಿಯ ಟಿಟಿಇ ಹಿಂದೆ ಬೋಗಿಯಿಂದ ಬೋಗಿಗೆ ನಡೆದ. ಯಾರಾದರೂ ಬಾರದೆ ಬರ್ತ್ ಖಾಲಿ ಉಳಿದರೂ ಅದು ಮೊದಲು ಸೈಡ್ ಲೋವರ್‌ನಲ್ಲಿ ಮೊಣಕಾಲು ಮಡಚಿ ಕೂತ RACಯವರಿಗೆ. ವೇಟಿಂಗ್‌ನವರ ಸರದಿ ಆಮೇಲೆ.

“RAC ಮುಗೀಲಿ, ಆಮೇಲೆ ನೋಡೋಣ” ಅಂದರು ಟಿಟಿಇ.

“RAC ಎಷ್ಟು ಜನ ಇದ್ದಾರೆ ಸಾರ್?”

ಅವರು ಉತ್ತರ ಕೊಡಲಿಲ್ಲ. ಕೈಯಲ್ಲಿದ್ದ ಮೆಷಿನ್ ನೋಡಿ ನಕ್ಕರು ಅಷ್ಟೇ.

ಮಗಳು ಅಮ್ಮನ ಕಾಲ ಬಳಿ ಹೇಗೋ ಮುದುಡಿಕೊಂಡಳು. ಅಳಿಯ ಮಾವನ ಬರ್ತ್‌ನ ತುದಿಯಲ್ಲಿ ಅಂಗೈಯಗಲ ಜಾಗದಲ್ಲಿ ಕೂತಿದ್ದ. ಮಾವ ಗಡಿಯಾರ ನೋಡಿದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬರ್ತ್ ಮಲಗುವುದಕ್ಕೆ ಅನ್ನುವ ನಿಯಮ ಒಂದನ್ನು ಮಾತ್ರ ಅವರು ಬಾಯಿಪಾಠ ಮಾಡಿಟ್ಟುಕೊಂಡಿದ್ದರು.

“ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ, ಹತ್ತು ಗಂಟೆ ಆಯ್ತು.”

ಅಳಿಯ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ಮೊಬೈಲ್ ತೆಗೆದು ಇನ್ನೊಂದು ಸಲ PNR ನೋಡಿದ. WL 2.