ಕಾಲ್‌ನಲ್ಲಿ ಹೇಳ್ತೀನಿ ಮ್ಯಾಮ್

ಬೆಂಗಳೂರಿನಲ್ಲಿ ಐಟಿ ಕೆಲಸ ಬದಲಾಯಿಸೋಣ ಅಂತ ಪೋರ್ಟಲ್‌ನಲ್ಲಿ ರೆಸ್ಯೂಮೆ ಸ್ವಲ್ಪ ತಿದ್ದಿ ಹಾಕಿದರೆ ಸಾಕು, ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ಯಾರೋ ರಿಕ್ರೂಟರ್‌ನ ಮೆಸೇಜ್ ಬಂದಿರುತ್ತದೆ. ಎಕ್ಸೈಟಿಂಗ್ ಆಪರ್ಚುನಿಟಿ ಇದೆಯಂತೆ. ಅದರ ಕೆಳಗೆ ಒಂದು ಪಟ್ಟಿ. ಒಟ್ಟು ಅನುಭವ, ಅದರಲ್ಲಿ ಈ ಕೆಲಸಕ್ಕೆ ಸಂಬಂಧಪಟ್ಟಿದ್ದೆಷ್ಟು, ಈಗಿನ ಸಿಟಿಸಿ, ಬೇಕಾದ ಸಿಟಿಸಿ, ನೋಟಿಸ್ ಪೀರಿಯಡ್, ಅದನ್ನು ಬೈಔಟ್ ಮಾಡಬಹುದಾ, ಕೈಯಲ್ಲಿ ಬೇರೆ ಆಫರ್ ಇದೆಯಾ, ಇದ್ದರೆ ಎಷ್ಟಕ್ಕೆ, ಈಗಿನ ಕೆಲಸ ಯಾಕೆ ಬಿಡ್ತಿದ್ದೀರಿ, ಹುಟ್ಟಿದ ದಿನಾಂಕ, ಪ್ಯಾನ್ ನಂಬರ್. ಕಂಪನಿ ಯಾವುದು ಅಂತ ಮಾತ್ರ ಎಲ್ಲೂ ಇಲ್ಲ. 'ಲೀಡಿಂಗ್ ಎಂಎನ್‌ಸಿ' ಅಂತಿದೆ. ಮನೆ ಬ್ರೋಕರ್ ನಿಮ್ಮ ಸಂಬಳ, ಊರು, ಊಟದ ಪದ್ಧತಿ, ಮನೆಗೆ ಬರುವ ನೆಂಟರ ಲೆಕ್ಕ ಎಲ್ಲ ಕೇಳಿಕೊಂಡು, ಮನೆ ಎಲ್ಲಿದೆ ಅಂದರೆ "ಮೇನ್ ರೋಡಿಗೆ ಹತ್ರ ಸರ್" ಅಂದಂಗೆ.

ನಮ್ಮ ಅಕ್ಕನ ಮಗಳಿಗೂ ಇಂಥದ್ದೇ ಒಂದು ಬಂತು. ದಾವಣಗೆರೆಯವಳು, ಈಗ ಕೆಂಗೇರಿಯಲ್ಲಿದ್ದಾಳೆ, ಬ್ಯಾಕೆಂಡ್ ಕೆಲಸ, ಏಳು ವರ್ಷದ ಅನುಭವ. ಕೇಳಿದ ವಿವರವನ್ನೆಲ್ಲ ಕೊಟ್ಟಳು, ಪ್ಯಾನ್ ನಂಬರ್ ಒಂದು ಬಿಟ್ಟು. ಆಮೇಲೆ ಸಂಜೆ ನಾಲ್ಕಕ್ಕೆ ಕಾಲ್ ಅಂತ ಹೇಳಿದ್ದಕ್ಕೆ, ಅದಕ್ಕೂ ಮುಂಚೆ ಇವಳೊಂದು ಮೆಸೇಜ್ ಹಾಕಿದಳು. ತುಂಬಾ ಮರ್ಯಾದೆಯಿಂದಲೇ ಬರೆದಿದ್ದಳು, ನಾನು ನೋಡಿದ್ದೇನೆ. "ಕಾಲ್‌ಗೆ ಮುಂಚೆ ಮೂರು ವಿಷಯ ತಿಳಿಸಿದರೆ ಅನುಕೂಲ. ಟೀಮಿನಲ್ಲಿ ಎಷ್ಟು ಜನ? ನಾನು ಯಾರಿಗೆ ರಿಪೋರ್ಟ್ ಮಾಡಬೇಕು? ಕೆಲಸದ ಸಮಯ ಏನು?"

ಇಷ್ಟೇ. ಕಂಪನಿಯ ಬ್ಯಾಲೆನ್ಸ್ ಶೀಟ್ ಕೇಳಲಿಲ್ಲ, ಸಿಇಓ ಜಾತಕ ಕೇಳಲಿಲ್ಲ.

ಎರಡು ನೀಲಿ ಟಿಕ್ ಬಂತು. ಸ್ವಲ್ಪ ಹೊತ್ತು 'ಟೈಪಿಂಗ್' ಅಂತ ಬಂತು, ಹೋಯ್ತು, ಮತ್ತೆ ಬಂತು. ಕೊನೆಗೆ ಉತ್ತರ: "ಶೂರ್ ಮ್ಯಾಮ್, ಕಾಲ್‌ನಲ್ಲಿ ಹೇಳ್ತೀನಿ. ಪ್ಯಾನ್ ಕಳಿಸಿ."

ಪ್ಯಾನ್ ಯಾಕಪ್ಪ ಇಷ್ಟು ಅರ್ಜೆಂಟ್? ಇದರ ಒಳಗುಟ್ಟು ತಿಳಿದರೆ ಆ ಹುಡುಗನ ಮೇಲೆ ಸಿಟ್ಟು ಬರಲ್ಲ, ಅಯ್ಯೋ ಅನಿಸುತ್ತೆ. ಮೆಸೇಜ್ ಮಾಡುವವನು ಬಹಳ ಸಲ ಆ ಕಂಪನಿಯವನೇ ಅಲ್ಲ. ಕನ್ಸಲ್ಟೆನ್ಸಿಯವನು, ಅಂದರೆ ವೆಂಡರ್. ಒಂದೇ ಹುದ್ದೆಯನ್ನು ಕಂಪನಿ ನಾಲ್ಕಾರು ವೆಂಡರ್‌ಗಳಿಗೆ ಕೊಟ್ಟಿರುತ್ತದೆ. ನಿಮ್ಮ ಪ್ರೊಫೈಲನ್ನು ಮೊದಲು ಯಾರು ಅಪ್‌ಲೋಡ್ ಮಾಡ್ತಾರೋ ನೀವು ಅವರ ಕ್ಯಾಂಡಿಡೇಟ್, ಎರಡನೆಯವನಿಗೆ 'ಡೂಪ್ಲಿಕೇಟ್' ಅಂತ ಬರುತ್ತೆ. ಒಬ್ಬರೇ ಎರಡು ಸಲ ಬಂದಿದ್ದಾರಾ ಅಂತ ಹಿಡಿಯೋದಕ್ಕೆ ಪ್ಯಾನ್ ನಂಬರ್. ನೀವು ಸೇರಿ, ಒಪ್ಪಂದದಲ್ಲಿ ಬರೆದಷ್ಟು ದಿನ ಉಳಿದರೆ ವೆಂಡರ್‌ಗೆ ಕಮಿಷನ್. ವರ್ಷದ ಸಿಟಿಸಿಯ 8.33 ಪರ್ಸೆಂಟ್ ಅನ್ನೋದು ಈ ವ್ಯಾಪಾರದಲ್ಲಿ ಬಾಯಿಪಾಠವಾಗಿರುವ ಲೆಕ್ಕ, ಅಂದರೆ ನಿಮ್ಮ ಒಂದು ತಿಂಗಳ ಸಂಬಳದಷ್ಟು. ಹಾಗಾಗಿ ಇದು ಓಟದ ಪಂದ್ಯ. ಓಡ್ತಿರುವವನನ್ನು ನಿಲ್ಲಿಸಿ ಟೀಮ್ ಎಷ್ಟು ದೊಡ್ಡದಪ್ಪ ಅಂದರೆ ಅವನೇನು ಹೇಳ್ತಾನೆ? ಅವನ ಕೈಯಲ್ಲಿರುವುದು ಕೆಲಸದ ವಿವರ ಬರೆದ ಒಂದು ಜೆಡಿ, ಒಂದು ಎಕ್ಸೆಲ್ ಶೀಟು. ಆ ಶೀಟಿನಲ್ಲಿ ಕ್ಯಾಂಡಿಡೇಟ್ ಕೊಡಬೇಕಾದ ಉತ್ತರಕ್ಕೆಲ್ಲ ಕಾಲಮ್ ಇದೆ. ಕ್ಯಾಂಡಿಡೇಟ್ ಕೇಳಿದ ಪ್ರಶ್ನೆಗೆ ಕಾಲಮ್ ಇಲ್ಲ. ಕಂಪನಿಯವರು ಅವನಿಗೂ ಹೇಳಿಲ್ಲ, ಅವನೂ ಕೇಳಿಲ್ಲ. ಕೇಳಿದರೆ "ನೀನು ಮೊದಲು ಪ್ರೊಫೈಲ್ ಕಳಿಸಯ್ಯಾ" ಅಂತಾರೆ.

ಅಂತೂ ನಾಲ್ಕು ಗಂಟೆ ಕಾಲ್ ನಾಲ್ಕೂ ಮುಕ್ಕಾಲಿಗೆ ಬಂತು. ಇಂಗ್ಲಿಷ್‌ನಲ್ಲಿ ಶುರುವಾಗಿ, ಅವನು ಹಿಂದೆ ಯಾರಿಗೋ "ಏಯ್ ಬಾಗಿಲು ಹಾಕೋ" ಅಂದದ್ದು ಕೇಳಿ ಇವಳು "ಕನ್ನಡದಲ್ಲೇ ಮಾತಾಡಿ ಪರವಾಗಿಲ್ಲ" ಅಂದಳಂತೆ. ಅಲ್ಲಿಂದ ಕನ್ನಡ. ಮೊದಲ ಪ್ರಶ್ನೆಗೆ ಉತ್ತರ: "ಟೀಮ್ ತುಂಬಾ ಲೀನ್ ಮ್ಯಾಮ್."

ಲೀನ್ ಅಂದರೆ ಎಷ್ಟು ಅಂತ ಇವಳು ಬಿಡಲಿಲ್ಲ. "ಸ್ಟಾರ್ಟಪ್ ಕಲ್ಚರ್ ಮ್ಯಾಮ್, ನಿಮಗೆ ಓನರ್‌ಶಿಪ್ ಸಿಗುತ್ತೆ." ಎಷ್ಟು ಜನ ಅಂತ ಕೇಳಿದರೆ ಎಂಥ ಕಲ್ಚರ್ ಅಂತ ಉತ್ತರ. ಆಗ ಇವಳು ಪ್ರಶ್ನೆಯನ್ನೇ ತಿರುಗಿಸಿದಳು. ಇಲ್ಲಿ ನಮ್ಮ ಹುಡುಗಿ ಜಾಣೆ ಅಂತ ಒಪ್ಪಲೇಬೇಕು. "ಆನ್-ಕಾಲ್ ರೋಟಾದಲ್ಲಿ ಎಷ್ಟು ಹೆಸರಿದೆ ಅಂತ ಕೇಳಿ ಹೇಳಿ. ಇದು ಹೊಸ ಪೊಸಿಷನ್ನಾ, ಇಲ್ಲ ಯಾರಾದರೂ ಬಿಟ್ಟು ಹೋಗಿದ್ದಕ್ಕೆ ರಿಪ್ಲೇಸ್‌ಮೆಂಟಾ ಅಂತಾನೂ ಕೇಳಿ."

ಟೀಮ್ ಸೈಜ್ ಅಂತ ಕೇಳಿದರೆ ಪುಣೆಯವರು, ಅಮೆರಿಕದವರು, ಪ್ರಾಡಕ್ಟ್ ಮ್ಯಾನೇಜರ್, ಆರು ತಿಂಗಳಲ್ಲಿ ಸೇರಲಿರುವವರು ಎಲ್ಲರನ್ನೂ ಸೇರಿಸಿ ನಲವತ್ತು ಅನ್ನಬಹುದು, ಸುಳ್ಳೂ ಅಲ್ಲ. ಆದರೆ ರಾತ್ರಿ ಎರಡಕ್ಕೆ ಸರ್ವರ್ ಬಿದ್ದಾಗ ಫೋನ್ ಯಾರಿಗೆ ಹೋಗುತ್ತೆ ಅನ್ನೋ ಪಟ್ಟಿಯಲ್ಲಿ ಕಲ್ಚರ್ ಇರಲ್ಲ, ಹೆಸರುಗಳಷ್ಟೇ ಇರುತ್ತವೆ. ಆರು ಹೆಸರಿದ್ದರೆ ಆರು ವಾರಕ್ಕೊಮ್ಮೆ ನಿಮ್ಮ ಪಾಳಿ. ಎರಡಿದ್ದರೆ ವಾರ ಬಿಟ್ಟು ವಾರ ತಲೆದಿಂಬಿನ ಪಕ್ಕ ಲ್ಯಾಪ್‌ಟಾಪ್. ಇನ್ನೊಬ್ಬರು ಮದುವೆಗೆ ರಜೆ ಹಾಕಿದರೆ ಆ ವಾರವೂ ನಿಮ್ಮದೇ.

ಎರಡು ದಿನ ಬಿಟ್ಟು ಉತ್ತರ ಬಂತು. ಪಟ್ಟಿಯಲ್ಲಿ ಮೂರು ಹೆಸರು. ಒಬ್ಬರು ನೋಟಿಸ್ ಪೀರಿಯಡ್‌ನಲ್ಲಿದ್ದಾರೆ. ಅವರ ಜಾಗಕ್ಕೇ ಇವಳು. ಮೂರನೆಯವರು? "ಅವರು ಮ್ಯಾನೇಜರ್ ಮ್ಯಾಮ್, ಹೆಸರಿಗೆ ಇದ್ದಾರೆ."

ಎರಡನೇ ಪ್ರಶ್ನೆ, ಯಾರಿಗೆ ರಿಪೋರ್ಟ್ ಮಾಡಬೇಕು. ಇದಕ್ಕೆ ರಿಕ್ರೂಟರ್ ಬಹಳ ಖುಷಿಯಿಂದ "ಮ್ಯಾಟ್ರಿಕ್ಸ್ ಸ್ಟ್ರಕ್ಚರ್ ಮ್ಯಾಮ್" ಅಂದ, ಬೋನಸ್ ಕೊಡ್ತಿದ್ದಾರೆ ಅನ್ನೋ ಹಾಗೆ. ಆಫೀಸಿನಲ್ಲಿ ಇದನ್ನು ಸಾಲಿಡ್ ಲೈನು, ಡಾಟೆಡ್ ಲೈನು ಅಂತಾರೆ. ಚಾರ್ಟಿನಲ್ಲಿ ಒಂದು ಗಟ್ಟಿ ಗೆರೆ, ಒಂದು ಚುಕ್ಕಿ ಗೆರೆ. ಗಟ್ಟಿ ಗೆರೆಯ ಬಾಸ್ ಪುಣೆಯಲ್ಲಿ, ರಜೆ ಮಂಜೂರು ಮಾಡೋದು, ಅಪ್ರೈಸಲ್ ಬರೆಯೋದು ಅವರು. ಚುಕ್ಕಿ ಗೆರೆಯ ಬಾಸ್ ಡಲ್ಲಾಸ್‌ನಲ್ಲಿ, ದಿನಾ ಕೆಲಸ ಹೇಳೋದು ಅವರು. ಅಂದರೆ ನೀವು ಏನು ಮಾಡಿದಿರಿ ಅಂತ ಗೊತ್ತಿರುವವರಿಗೆ ರೇಟಿಂಗ್ ಕೊಡೋ ಅಧಿಕಾರ ಇಲ್ಲ, ರೇಟಿಂಗ್ ಕೊಡುವವರಿಗೆ ನೀವು ಏನು ಮಾಡಿದಿರಿ ಅಂತ ಗೊತ್ತಿಲ್ಲ. ಇದಕ್ಕೂ ನೇರ ಪ್ರಶ್ನೆ ಒಂದಿದೆ: ನನ್ನ ರಜೆ ಅಪ್ರೂವ್ ಮಾಡುವವರು ಯಾವ ಊರಿನಲ್ಲಿದ್ದಾರೆ, ಇಂಟರ್‌ವ್ಯೂನಲ್ಲಿ ಅವರು ಬರ್ತಾರಾ? ಬರಲ್ಲ ಅಂದರೆ, ನಿಮ್ಮ ಇನ್‌ಕ್ರಿಮೆಂಟ್ ನಿಮ್ಮನ್ನು ನೋಡದವರ ಕೈಯಲ್ಲಿದೆ ಅಂತಲೇ.

ಇದೆಲ್ಲ ಪರ್ಮನೆಂಟ್ ಕೆಲಸದ ಕಥೆ. ಜೆಡಿಯ ಮೂಲೆಯಲ್ಲಿ 'ಸಿ2ಎಚ್' ಅಂತ, ಅಂದರೆ ಮೊದಲು ಕಾಂಟ್ರ್ಯಾಕ್ಟ್, ಆಮೇಲೆ ಬೇಕಾದರೆ ಪರ್ಮನೆಂಟ್ ಅಂತ ಇದ್ದರೆ ಮೂರನೇ ಗೆರೆಯೂ ಸೇರಿಕೊಳ್ಳುತ್ತೆ, ಯಾಕಂದರೆ ಸಂಬಳ ಕೊಡೋದು ಇನ್ನೊಂದು ಕಂಪನಿ. ಆಗ ನೀವು ಯಾರ ಉದ್ಯೋಗಿ ಅಂತ ಬ್ಯಾಂಕಿನವನು ಹೋಮ್ ಲೋನ್‌ಗೆ ಕೇಳಿದರೆ ಉತ್ತರ ಕೊಡೋಕೆ ಒಂದು ಚಾರ್ಟ್ ಬೇಕಾಗುತ್ತೆ.

ಮೂರನೇ ಪ್ರಶ್ನೆ ಬಂದಾಗ ಆ ಕಡೆ ಧ್ವನಿ ಸ್ವಲ್ಪ ಬಿಗಿಯಾಯಿತಂತೆ. "ಕೆಲಸದ ಸಮಯ ಫ್ಲೆಕ್ಸಿಬಲ್ ಮ್ಯಾಮ್."

ಯಾರಿಗೆ ಫ್ಲೆಕ್ಸಿಬಲ್ ಅಂತ ಇವಳು ಕೇಳಲಿಲ್ಲ, ನಾನಾಗಿದ್ದರೆ ಕೇಳುತ್ತಿದ್ದೆ. ಅವಳು ಕೇಳಿದ್ದು ಇನ್ನೂ ಚೆನ್ನಾಗಿತ್ತು. "ಡೈಲಿ ಸ್ಟ್ಯಾಂಡಪ್ ಕಾಲ್ ನಮ್ಮ ಟೈಮಿಗೆ ಎಷ್ಟೊತ್ತಿಗೆ? ಡಿಸೆಂಬರ್‌ನಲ್ಲಿ ಎಷ್ಟೊತ್ತಿಗೆ?"

ಡಿಸೆಂಬರ್ ಯಾಕೆ ಅಂದರೆ, ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ನವೆಂಬರ್ ಮೊದಲ ಭಾನುವಾರ ವಾಪಸ್ ಬರುತ್ತೆ. ನಮ್ಮ ಗಡಿಯಾರ ಪಾಪ ಎಲ್ಲೂ ಹೋಗಲ್ಲ. ಡಲ್ಲಾಸ್‌ನವರು ಬೆಳಿಗ್ಗೆ ಒಂಬತ್ತಕ್ಕೆ ಕಾಫಿ ಹಿಡಿದು ಕೂರುವ ಸ್ಟ್ಯಾಂಡಪ್ ಬೇಸಿಗೆಯಲ್ಲಿ ನಮಗೆ ರಾತ್ರಿ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಜೂನ್‌ನಲ್ಲಿ ಸೇರಿದವರಿಗೆ ಊಟಕ್ಕೆ ಮುಂಚೆ ಮುಗಿಯುವ ಕಾಲ್, ನವೆಂಬರ್‌ನಲ್ಲಿ ಯಾರಿಗೂ ಹೇಳದೆ ಊಟದ ತಟ್ಟೆ ಮುಂದೆ ಬಂದು ಕೂರುತ್ತೆ. ಯಾರೂ ಸಮಯ ಬದಲಾಯಿಸಿಲ್ಲ, ಗಮನಿಸಿ. ಕ್ಯಾಲೆಂಡರ್ ಇನ್ವೈಟ್ ಡಲ್ಲಾಸ್ ಟೈಮಿನಲ್ಲಿದೆ, ಅಷ್ಟೇ. ಬೆಳಿಗ್ಗೆ ಒಂಬತ್ತೂವರೆಗೆ ಸ್ವೈಪ್ ಮಾಡಬೇಕಂತೆ, ಅದು ಪುಣೆಯವರ ನಿಯಮ. ರಾತ್ರಿ ಎಂಟೂವರೆಗೆ ಕಾಲ್, ಅದು ಡಲ್ಲಾಸ್‌ನವರದು. ನಡುವಿನ ಹನ್ನೊಂದು ಗಂಟೆಯ ಹೆಸರೇ ಫ್ಲೆಕ್ಸಿಬಲ್.

ಕಾನೂನು ಇಲ್ವಾ ಅಂದರೆ, ಇದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಓವರ್‌ಟೈಮ್ ಸೇರಿದರೂ ದಿನಕ್ಕೆ 10. 2024ರ ಜುಲೈನಲ್ಲಿ ಐಟಿಯವರಿಗೆ ಇದನ್ನು 12 ಗಂಟೆಯ ಆಚೆಗೂ ಎಳೆಯೋ ಪ್ರಸ್ತಾಪ ಬಂತು, ನೌಕರರ ಸಂಘ ಕೆಐಟಿಯು ಗಲಾಟೆ ಎಬ್ಬಿಸಿತು. ದೊಡ್ಡವರು ವಾರಕ್ಕೆ ಎಪ್ಪತ್ತು, ತೊಂಬತ್ತು ಅಂತ ಹರಾಜು ಕೂಗಿದ್ದೂ ಆಯಿತು. ತಮಾಷೆ ಏನಂದರೆ, ವೇದಿಕೆ ಮೇಲೆ ಮೈಕ್ ಹಿಡಿದು ಗಂಟೆಗಳ ಸಂಖ್ಯೆ ಧಾರಾಳವಾಗಿ ಹೇಳುವ ಇದೇ ಉದ್ಯಮದಲ್ಲಿ, ಒಬ್ಬ ಅಭ್ಯರ್ಥಿ ವಾಟ್ಸಾಪ್‌ನಲ್ಲಿ ಎಷ್ಟು ಗಂಟೆ ಅಂತ ಕೇಳಿದರೆ ಸಂಖ್ಯೆಯೇ ಹೊರಡಲ್ಲ.

ಹೊರಡೋದು ಬೇರೆ ಮಾತು. "ಮ್ಯಾಮ್, ಮ್ಯಾನೇಜರ್ ಕೇಳ್ತಿದ್ದಾರೆ, ಕ್ಯಾಂಡಿಡೇಟ್‌ಗೆ ನಿಜವಾಗಲೂ ಇಂಟರೆಸ್ಟ್ ಇದೆಯಾ ಅಂತ." ಕೆಲಸದ ಬಗ್ಗೆ ಕೇಳಿದರೆ ಕೆಲಸದ ಮೇಲೆ ಆಸಕ್ತಿ ಇಲ್ಲ ಅಂತ ಅರ್ಥವಂತೆ. ಏನೂ ಕೇಳದೆ, ಕಂಪನಿ ಹೆಸರೂ ತಿಳಿಯದೆ, ಪ್ಯಾನ್ ನಂಬರ್ ಕೊಟ್ಟವನೇ ಪ್ಯಾಷನ್ ಇರುವವನು.

ಅಕ್ಕ ಕೂಡ ಊರಿಂದ ಫೋನ್ ಮಾಡಿ ಮಗಳಿಗೆ ಬೈದಳು, "ಕೆಲಸ ಸಿಗೋಕೆ ಮುಂಚೆ ಎಷ್ಟೊತ್ತಿಗೆ ಬಿಡ್ತೀರಿ ಅಂತ ಕೇಳ್ತಾರೇನೇ?" ಇವಳು ನನ್ನ ಕಡೆ ತಿರುಗಿ, "ಮಾವ, ಸೇರಿದ ಮೇಲೆ ಕೇಳಿದರೆ ತೊಂಬತ್ತು ದಿನ ನೋಟಿಸ್" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅಕ್ಕನ ಹತ್ತಿರ ಇತ್ತು, ಬರೆಯೋ ಹಾಗಿಲ್ಲ.

ಕೊನೆಗೆ ಇವಳು ಬೇಡ ಅಂತ ಬರೆದಳು. ಕಾರಣವನ್ನೂ ಬಿಡಿಸಿ ಬರೆದಳು: ಆನ್-ಕಾಲ್‌ಗೆ ಇಬ್ಬರೇ, ಇಬ್ಬರು ಬಾಸ್, ಹನ್ನೊಂದು ಗಂಟೆ. ಆ ಹುಡುಗ ಒಳ್ಳೆಯವನೇ. "ಸತ್ಯ ಹೇಳ್ತೀನಿ ಮ್ಯಾಮ್, ನಾನಾಗಿದ್ದರೂ ಸೇರ್ತಿರಲಿಲ್ಲ" ಅಂತ ಒಂದು ವಾಯ್ಸ್ ನೋಟ್ ಕಳಿಸಿದ. ಆಮೇಲೆ ಅವನ ಶೀಟಿನಲ್ಲಿ ಸ್ಟೇಟಸ್ ತುಂಬಬೇಕಿತ್ತು. 'ನಾಟ್ ಇಂಟರೆಸ್ಟೆಡ್' ಆಯ್ಕೆ ಮಾಡಿದರೆ ಪಕ್ಕದಲ್ಲಿ ಕಾರಣದ ಡ್ರಾಪ್‌ಡೌನ್ ತೆರೆಯುತ್ತಂತೆ. ಅದರಲ್ಲಿ ಇರೋದು ಮೂರೇ: ಸಂಬಳ, ನೋಟಿಸ್ ಪೀರಿಯಡ್, ಲೊಕೇಶನ್. "ಲೊಕೇಶನ್ ಅಂತ ಹಾಕಿದ್ದೀನಿ ಮ್ಯಾಮ್, ಪರವಾಗಿಲ್ಲ ಅಲ್ವಾ?"