ಇಪ್ಪತ್ತು ಶತಮಾನ ಸಂಬಳ

ಕಾಸರಗೋಡಿನಲ್ಲಿ ಕನ್ನಡ ಮಾತ್ರ ಕಲಿತವರಿಗೆ ಒಂದು ಪದ ಜನ್ಮವಿಡೀ ಕಾಟ ಕೊಡುತ್ತದೆ. ಮಲಯಾಳದಲ್ಲಿ ಶೇಕಡಾಕ್ಕೆ 'ಶತಮಾನಂ' ಅಂತ ಹೇಳ್ತಾರೆ. ನಮಗೆ ಶತಮಾನ ಅಂದ್ರೆ ನೂರು ವರ್ಷ. ಹಾಗಾಗಿ 2020ರ ಮೇ ತಿಂಗಳಲ್ಲಿ ನಮ್ಮ ಆಫೀಸಿನ ಗೋಡೆಗೆ ಮಲಯಾಳದ ನೋಟೀಸು ಅಂಟಿಸಿದಾಗ, ಸ್ಟೋರಿನ ಹಿರಿಯರು ಅಕ್ಷರ ಕೂಡಿಸಿ ಕೂಡಿಸಿ ಓದಿ ಗಾಬರಿಯಾದರು. "ಇಪ್ಪತ್ತು ಶತಮಾನ ಸಂಬಳ ಕಡಿತ ಅಂತೆ ಮಾರಾಯ್ರೇ!"

ಎರಡು ಸಾವಿರ ವರ್ಷ ಅಲ್ಲ, ಶೇಕಡಾ 20 ಅಂತ ನಾನು ಬಿಡಿಸಿ ಹೇಳಿದೆ. ಅವರಿಗೆ ಸಮಾಧಾನವಾಯಿತು. ಈಗ ನೋಡಿದರೆ ಅವರು ಓದಿದ್ದೇ ಸರಿ ಇತ್ತೇನೋ ಅನಿಸುತ್ತದೆ.

ಆಗ ಲಾಕ್‌ಡೌನ್. ಕೇರಳ ಸರ್ಕಾರ ತನ್ನ ನೌಕರರ ಸಂಬಳದಲ್ಲಿ ತಿಂಗಳಿಗೆ ಆರು ದಿನದ್ದನ್ನು ಐದು ತಿಂಗಳು ಹಿಡಿದಿಡಲು ಹೊರಟಿತ್ತು. ಹೈಕೋರ್ಟ್ ತಡೆ ಕೊಟ್ಟಿತು, ಸರ್ಕಾರ ಸುಗ್ರೀವಾಜ್ಞೆ ತಂದಿತು. ಮೂವತ್ತರಲ್ಲಿ ಆರು ಅಂದರೆ ಸರಿಯಾಗಿ ಶೇಕಡಾ 20. ನಮ್ಮದು ಖಾಸಗಿ ಸಂಸ್ಥೆ. ಸರ್ಕಾರಿ ಸಂಬಳ, ಸರ್ಕಾರಿ ರಜೆ, ಸರ್ಕಾರಿ ಪೆನ್ಶನ್ ಯಾವುದೂ ನಮಗೆ ಅನ್ವಯಿಸುವುದಿಲ್ಲ. ಆದರೆ ಈ 20 ಮಾತ್ರ ಮರುದಿನವೇ ಅನ್ವಯಿಸಿತು. "ಸರ್ಕಾರವೇ ಹಿಡಿದಿದೆ, ನಾವು ಯಾವ ಲೆಕ್ಕ?" ಅಂದರು ಮ್ಯಾನೇಜರ್. ನನ್ನ ಸಂಬಳ 20,000 ಇದ್ದದ್ದು 16,000 ಆಯಿತು.

ಹದಿನೆಂಟು ತಿಂಗಳು ಹಾಗೇ ಹೋಯಿತು. 2021ರ ನವೆಂಬರಿನಲ್ಲಿ ಇನ್ನೊಂದು ನೋಟೀಸು ಬಂತು. ಕಡಿತ ಮಾಡಿದ ಶೇಕಡಾ 20ನ್ನು ಪೂರ್ತಿಯಾಗಿ ವಾಪಸ್ ಕೊಟ್ಟು ಸಂಬಳವನ್ನು ಹಿಂದಿನ ಸ್ಥಿತಿಗೆ ತರಲಾಗಿದೆ, ಎಲ್ಲರ ಸಹಕಾರಕ್ಕೆ ಧನ್ಯವಾದ. ಆ ದಿನ ಮಧ್ಯಾಹ್ನ ಸೇಮಿಗೆ ಪಾಯಸ ಬೇರೆ. ದ್ರಾಕ್ಷಿ, ಗೋಡಂಬಿ ಎಲ್ಲ ಹಾಕಿದ್ದರು. ನಾವು ಎರಡೆರಡು ಲೋಟ ಕುಡಿದೆವು.

ತಿಂಗಳ ಕೊನೆಗೆ ಬ್ಯಾಂಕಿನಿಂದ ಮೆಸೇಜು ಬಂತು. 19,200.

ಟೈಪಿಸ್ಟ್ ತಪ್ಪಿರಬೇಕು ಅಂದುಕೊಂಡೆ. ನೇರ ಮ್ಯಾನೇಜರ ಹತ್ತಿರ ಹೋದೆ. ಅವರು ದೊಡ್ಡ ಬಟನ್ನಿನ ಕ್ಯಾಲ್ಕುಲೇಟರ್ ಎಳೆದುಕೊಂಡು ನನ್ನ ಕಣ್ಣೆದುರೇ ಒತ್ತಿದರು. 16,000, ಅದರ ಶೇಕಡಾ 20 ಅಂದರೆ 3,200. ಕೂಡಿಸಿದರೆ 19,200. "ನೋಡಿ, ಮೆಷಿನ್ ಸುಳ್ಳು ಹೇಳ್ತದಾ?"

"ಸರ್, ತೆಗೆದದ್ದು 4,000."

"ತೆಗೆದದ್ದು ಇಪ್ಪತ್ತು. ಕೊಟ್ಟದ್ದು ಇಪ್ಪತ್ತು. ಇನ್ನೆಂತ ಬೇಕು ನಿಮಗೆ?"

ಇದಕ್ಕೆ ಥಟ್ಟಂತ ಉತ್ತರ ಹೇಳಲು ಆಗಲಿಲ್ಲ, ನಿಜ ಹೇಳ್ತೇನೆ. ಇಪ್ಪತ್ತಕ್ಕೆ ಇಪ್ಪತ್ತು ಸಮ ಅಲ್ಲ ಅಂತ ಒಬ್ಬ ದೊಡ್ಡ ಮನುಷ್ಯನ ಮುಖಕ್ಕೆ ಹೇಗೆ ಹೇಳುವುದು? ಸುಮ್ನೆ ಹೊರಗೆ ಬಂದೆ.

ಉತ್ತರ ಸಿಕ್ಕಿದ್ದು ಆಫೀಸಿನ ಎದುರಿನ ಹೋಟೆಲಿನಲ್ಲಿ. ನಮ್ಮ ಡ್ರೈವರಣ್ಣ ಅಲ್ಲಿ ಗೋಳಿಬಜೆ ತರಿಸಿಕೊಂಡು ಕೂತಿದ್ದರು. ಪ್ಲೇಟಿನಲ್ಲಿ ಐದು ಇತ್ತು. ನಾನು ಕತೆ ಹೇಳುತ್ತಿದ್ದ ಹಾಗೇ ಅವರು ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು. "ಐದರಲ್ಲಿ ಒಂದು ಹೋಯಿತು. ಶೇಕಡಾ ಇಪ್ಪತ್ತು, ಅಲ್ವಾ?" ಹೌದು ಅಂದೆ. "ಈಗ ಪ್ಲೇಟಿನಲ್ಲಿ ನಾಲ್ಕು. ಈ ನಾಲ್ಕರ ಶೇಕಡಾ ಇಪ್ಪತ್ತು ವಾಪಸ್ ಹಾಕ್ತೇನೆ ಅಂತ ಇಟ್ಕೊಳ್ಳಿ. ಎಷ್ಟಾಯ್ತು?" ನಾಲ್ಕರ ಐದನೇ ಒಂದು ಪಾಲು, ಅಂದರೆ ಮುಕ್ಕಾಲಿಗಿಂತ ಚೂರು ಜಾಸ್ತಿ, 0.8 ಗೋಳಿಬಜೆ. ಅವರು ಇನ್ನೊಂದು ಗೋಳಿಬಜೆ ತರಿಸಿ, ಒಂದು ಕಡೆಯಿಂದ ಕಚ್ಚಿ, ಉಳಿದದ್ದನ್ನು ಪ್ಲೇಟಿಗೆ ಇಟ್ಟರು. "ಇದು ನಿಮ್ಮ ಹಿಂದಿನ ಸ್ಥಿತಿ."

ಕಚ್ಚಿದ ಭಾಗದಿಂದ ಇನ್ನೂ ಹಬೆ ಬರುತ್ತಿತ್ತು. ನನ್ನ ಲೆಕ್ಕದಲ್ಲಿ ಒಂದು ಗೋಳಿಬಜೆ ಅಂದರೆ 4,000 ರೂಪಾಯಿ. ಡ್ರೈವರಣ್ಣನ ಬಾಯಿಯಲ್ಲಿದ್ದ ಆ ಒಂದು ಕಚ್ಚು 800 ರೂಪಾಯಿ. ಪೂರ್ತಿ ಗೋಳಿಬಜೆ ವಾಪಸ್ ಬರಬೇಕಾದರೆ ನಾಲ್ಕಕ್ಕೆ ಒಂದು ಸೇರಬೇಕು. ನಾಲ್ಕಕ್ಕೆ ಒಂದು ಅಂದರೆ ಶೇಕಡಾ 25. ತೆಗೆಯುವಾಗ ಐದನ್ನು ನೋಡಿ ತೆಗೆದಿದ್ದಾರೆ, ಕೊಡುವಾಗ ನಾಲ್ಕನ್ನು ನೋಡಿ ಕೊಟ್ಟಿದ್ದಾರೆ. ಯಾವುದರ ಶೇಕಡಾ ಅಂತ ನೋಟೀಸಿನಲ್ಲಿ ಎಲ್ಲೂ ಬರೆದಿರಲಿಲ್ಲ. ಮಲಯಾಳದಲ್ಲೂ ಇಲ್ಲ, ಕನ್ನಡದಲ್ಲಂತೂ ನೋಟೀಸೇ ಇಲ್ಲ.

ನಮ್ಮ ಅಕೌಂಟ್ಸಿನ ಹುಡುಗ ಬಹಳ ಚುರುಕು. "ಅಣ್ಣ, ಮುಂದಿನ ಸಲ ಮೊದಲು ಏರಿಸಿ ಆಮೇಲೆ ಇಳಿಸ್ಲಿಕ್ಕೆ ಹೇಳುವ. ಏರಿದ ಮೇಲೆ ಇಳಿದರೆ ಲಾಭ" ಅಂದ. ಕೂತು ಲೆಕ್ಕ ಹಾಕಿದೆವು. 20,000ಕ್ಕೆ ಶೇಕಡಾ 20 ಏರಿಸಿದರೆ 24,000. ಅದರಿಂದ ಶೇಕಡಾ 20 ಇಳಿಸಿದರೆ 4,800 ಹೋಗಿ ಮತ್ತೆ ಅದೇ 19,200. ಮುಂದಿನಿಂದ ಹೋದರೂ ಹಿಂದಿನಿಂದ ಬಂದರೂ ಆ 800 ರೂಪಾಯಿ ಅಲ್ಲೇ ಕಾಲು ಚಾಚಿ ಕೂತಿರುತ್ತದೆ. ಹುಡುಗನಿಗೆ ಬೇಜಾರಾಯಿತು.

ಕಡಿತ ಸಣ್ಣದಾದರೆ ಈ ಮೋಸ ಗೊತ್ತೇ ಆಗುವುದಿಲ್ಲ. ಶೇಕಡಾ 5 ತೆಗೆದು ಶೇಕಡಾ 5 ಕೊಟ್ಟರೆ 20,000ದಲ್ಲಿ ಬರೇ 50 ರೂಪಾಯಿ ಕಮ್ಮಿ. ಅದಕ್ಕೆ ಯಾರು ಜಗಳ ಮಾಡ್ತಾರೆ? ದೊಡ್ಡದಾದ ಹಾಗೆ ಬಣ್ಣ ಬಯಲು. ಅರ್ಧ ಸಂಬಳ ತೆಗೆದರೆ ಹಳೆಯ ಜಾಗಕ್ಕೆ ಬರಲು ಶೇಕಡಾ 100 ಏರಬೇಕು. ಪೂರ್ತಿ ತೆಗೆದರೆ ಮುಗಿಯಿತು. ಸೊನ್ನೆಗೆ ಶೇಕಡಾ ಸಾವಿರ ಕೊಟ್ಟರೂ ಸೊನ್ನೆಯೇ. ಆದರೆ ನಮ್ಮ ಮ್ಯಾನೇಜರ ನ್ಯಾಯದಲ್ಲಿ ಅಲ್ಲೂ ನೂರು ತೆಗೆದದ್ದು ನೂರು ಕೊಟ್ಟದ್ದು. ಪಾಯಸಕ್ಕೂ ಕೊರತೆ ಆಗಲಿಕ್ಕಿಲ್ಲ.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಅಂಗಳದಲ್ಲಿ ಒಣ ಹಾಕಿದ್ದ ಅಡಿಕೆಯನ್ನು ಕಾಲಲ್ಲಿ ಹರವುತ್ತಾ ಕೇಳಿಸಿಕೊಂಡರು. "ನೀವು ಕಲಿತವರಿಗೆ ಶೇಕಡಾ ಬೇಕು. ಅಡಿಕೆ ಅಂಗಡಿಯಲ್ಲಿ ಯಾರಾದರೂ ಶೇಕಡಾದಲ್ಲಿ ಮಾತಾಡ್ತಾರಾ? ಕಿಲೋಗೆ ಎಂಬತ್ತು ಇಳಿಯಿತು ಅಂತಾರೆ. ಎಂಬತ್ತು ಏರಿದರೆ ಮಾತ್ರ ಮೊದಲಿನ ರೇಟು. ಅರುವತ್ತನಾಲ್ಕು ಏರಿಸಿ ಮೊದಲಿನ ರೇಟು ಬಂತು ಅಂದರೆ ನಾನು ಗೋಣಿ ವಾಪಸ್ ಹೊತ್ಕೊಂಡು ಬರ್ತೇನೆ." 400ರಿಂದ ಶೇಕಡಾ 20 ಇಳಿದು 320, ಅದಕ್ಕೆ ಶೇಕಡಾ 20 ಏರಿ 384. ಅಪ್ಪ ಇದನ್ನು ಬಾಯಲ್ಲೇ ಮಾಡಿದರು. ನಾನು ಬಿಕಾಂ.

ಅಪ್ಪನ ಮಾತಿನ ಗುಟ್ಟು ಆಮೇಲೆ ಹೊಳೆಯಿತು. ಸರ್ಕಾರಿ ನೌಕರರದ್ದು ಹಿಡಿದಿಟ್ಟದ್ದು ದಿನದ ಲೆಕ್ಕದಲ್ಲಿ. ಆರು ದಿನದ್ದು ಹೋಯಿತು, ಆಮೇಲೆ ಆರು ದಿನದ್ದೇ ವಾಪಸ್ ಬಂತು. ನಡುವೆ ಅವರ ಮೂಲ ಸಂಬಳವನ್ನು ಯಾರೂ ಮುಟ್ಟಿರಲಿಲ್ಲ. ಸಂಸದರದ್ದು ಇನ್ನೂ ಚಂದ. ಅದೇ 2020ರ ಏಪ್ರಿಲಿನಿಂದ ಒಂದು ವರ್ಷ ಅವರ ಸಂಬಳದಲ್ಲಿ ಶೇಕಡಾ 30 ಕಡಿತ ಮಾಡಿದ್ದರು. ಲಕ್ಷ ಇದ್ದದ್ದು 70,000. ವರ್ಷ ಮುಗಿದ ಕೂಡಲೇ ಕಡಿತ ತಾನಾಗಿ ಬಿದ್ದುಹೋಯಿತು, ಮತ್ತೆ ಲಕ್ಷ. ಅದನ್ನು ಏರಿಕೆ ಅಂತ ಕರೆದಿದ್ದರೆ ಸುಮಾರು ಶೇಕಡಾ 43 ಆಗುತ್ತಿತ್ತು, ಪೇಪರಿನಲ್ಲಿ ಗಲಾಟೆಯೂ ಆಗುತ್ತಿತ್ತು. ನಮ್ಮ ಮ್ಯಾನೇಜರ ಕೈಯಲ್ಲಿ ಲೋಕಸಭೆಯ ಸಂಬಳದ ಪುಸ್ತಕ ಇದ್ದಿದ್ದರೆ 70,000ಕ್ಕೆ ಶೇಕಡಾ 30 ಹಾಕಿ, 91,000 ಕೈಗಿಟ್ಟು, ಒಂದು ಲೋಟ ಪಾಯಸ ಕುಡಿಸಿ ಕಳಿಸುತ್ತಿದ್ದರು. ದೇಶದ ಖಜಾನೆಗೆ ಎಷ್ಟು ಉಳಿತಾಯ!

ಅಂದರೆ ಕಡಿತವನ್ನು 'ರದ್ದು' ಮಾಡಿದರೆ ಹಳೆಯ ಸಂಬಳ ಬರುತ್ತದೆ. ಕಡಿತದ ಮೇಲೆ 'ಏರಿಕೆ' ಕೊಟ್ಟರೆ ಬರುವುದಿಲ್ಲ. ನಮ್ಮ ನೋಟೀಸು ಓದಲು ರದ್ದಿನ ಹಾಗೆ, ಸಂಬಳ ಬಂದದ್ದು ಏರಿಕೆಯ ಹಾಗೆ. ಹದಿನೆಂಟು ತಿಂಗಳ 72,000ದ ಸುದ್ದಿ ನಾನು ಎತ್ತಲೇ ಇಲ್ಲ. ಅದು ಯಾವ ಶೇಕಡಾದಲ್ಲೂ ಬರುವುದಿಲ್ಲ ಅಂತ ನನಗೂ ಗೊತ್ತು. ಆದರೆ ಈ 800ರದ್ದು ಒಂದು ತಿಂಗಳ ಕತೆಯಲ್ಲ. ಮುಂದಿನ ವರ್ಷ ಶೇಕಡಾ 5 ಇನ್‌ಕ್ರಿಮೆಂಟ್ ಕೊಟ್ಟರೆ, ಹಳೆಯ ಸಂಬಳದವನಿಗೆ 1,000 ಸಿಗುತ್ತಿತ್ತು, ನನಗೆ 960. ನನ್ನ ಕೊರತೆ 800 ಹೋಗಿ 840. ಸಂಬಳದ ಜೊತೆ ಕೊರತೆಗೂ ಇನ್‌ಕ್ರಿಮೆಂಟ್.

ಧೈರ್ಯ ಮಾಡಿ ಅರ್ಜಿ ಬರೆದೆ. ಮ್ಯಾನೇಜರ್ ಒಳಗೆ ಕರೆದು ಕೂರಿಸಿದರು, ಚಾ ತರಿಸಿದರು. ಪಾಪ, ಮನುಷ್ಯ ಕೆಟ್ಟವರಲ್ಲ.

"ಆಯ್ತು, ಎಷ್ಟು ಕಮ್ಮಿ ಆಗಿದೆ ಹೇಳಿ."

"ಹಳೆಯ ಸಂಬಳಕ್ಕಿಂತ ಶೇಕಡಾ 4 ಕಮ್ಮಿ ಸರ್."

"ಎಷ್ಟು ಏರಿಸಬೇಕು?"

"4.17 ಸರ್."

ಚಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. "ಕಮ್ಮಿ ಆದದ್ದು ನಾಲ್ಕು ಅಂತ ನೀವೇ ಹೇಳ್ತೀರಿ. ಕೇಳುವುದು ನಾಲ್ಕು ಪಾಯಿಂಟ್ ಒಂದು ಏಳು. ಇದರಲ್ಲೂ ಲಾಭ ನೋಡ್ತೀರಲ್ಲ ಮಾರಾಯ್ರೇ!"

19,200ಕ್ಕೆ 800 ಅಂದರೆ 4.17 ಆಗುತ್ತದೆ, 4 ಅಲ್ಲ ಅಂತ ವಿವರಿಸಲು ಗೋಳಿಬಜೆ ಬೇಕಿತ್ತು. ಅಲ್ಲಿ ಚಾ ಮಾತ್ರ ಇತ್ತು. ಅವರು ದೊಡ್ಡ ಮನಸ್ಸು ಮಾಡಿ ಶೇಕಡಾ 4 ಮಂಜೂರು ಮಾಡಿದರು. "ಈಗ ಚುಕ್ತಾ ಆಯ್ತಲ್ಲ?" ಅಂದರು. ಆ ತಿಂಗಳು ಬ್ಯಾಂಕಿನಿಂದ ಮೆಸೇಜು ಬಂತು. 19,968.

ಇನ್ನು 32 ರೂಪಾಯಿ ಬಾಕಿ. ಅಕೌಂಟ್ಸಿನ ಹುಡುಗ ಅದಕ್ಕೂ ಅರ್ಜಿ ಹಾಕು ಅಂತ ಹಟ ಹಿಡಿದಿದ್ದಾನೆ. ಡ್ರೈವರಣ್ಣ ಬೇಡ ಅಂದರು. ಅವರ ಲೆಕ್ಕದಲ್ಲಿ ಅದು ಗೋಳಿಬಜೆಯೊಳಗಿನ ಒಂದು ಚೂರು ಹಸಿಮೆಣಸು, ಅಷ್ಟೇ.